ಮ್ಯಾನೇಜರ್‌ನ "ನನ್ನ ಕೆಲಸ ಹೇಗಿದೆ ಸಾರ್" ಅಂದ್ರೆ "ಓಕೆ, ಓಕೆ" ಅಂತಾರೆ. ಸರಿಯಾಗಿ ಕೇಳೋದು ಹೇಗೆ?

ಬಾಗಲೂರು ಬಸ್ಸು

ಎಲ್ಲರಿಗೂ ನಮಸ್ಕಾರ. ನಾನಿರೋದು ಹೊಸೂರು ಸಿಪ್‌ಕಾಟ್‌ನಲ್ಲಿ ಗಾಡಿ ಬಿಡಿಭಾಗ ಮಾಡೋ ಕಾರ್ಖಾನೆಯಲ್ಲಿ, ಕ್ವಾಲಿಟಿ ಸೆಕ್ಷನ್ನು, ಲೈನ್ ಇಂಜಿನಿಯರ್. ಅಪ್ರೈಸಲ್ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಸೆಲ್ಫ್ ಅಪ್ರೈಸಲ್ ಫಾರಂ ಮಾರ್ಚ್ ಮಧ್ಯಕ್ಕೆ ಬರುತ್ತೆ, ತುಂಬಿ ಕೊಡ್ತೀವಿ, ಜುಲೈಯಲ್ಲಿ ಒಂದು ಲೆಟರ್ ಕೈಗೆ ಬರುತ್ತೆ. 1ರಿಂದ 5ರ ರೇಟಿಂಗ್‌ನಲ್ಲಿ ಹೋದ ಸಲ 3. ಯಾಕೆ 3 ಅಂತ ಯಾರೂ ಕೂರಿಸಿ ಹೇಳಲಿಲ್ಲ.

ಈ ಸಲ ಫಾರಂ ಬರೋಕೆ ಮುಂಚೆನೇ ಮ್ಯಾನೇಜರ್ ಹತ್ರ ಕೂತು ಮಾತಾಡ್ಬೇಕು ಅಂತಿದ್ದೀನಿ. ಸಂಬಳದ ಮಾತಲ್ಲ. ಕಳೆದ ಐದಾರು ತಿಂಗಳ ಕೆಲಸದಲ್ಲಿ ಏನು ಸರಿ, ಏನು ತಪ್ಪು ಅಂತ ಅವರ ಬಾಯಿಂದ ಕೇಳ್ಬೇಕು. ಅವರು ಒಳ್ಳೆಯವರೇ, ಆದ್ರೆ ಯಾವಾಗ್ಲೂ ಲೈನ್ ಮೇಲೆ ಓಡಾಡ್ತಾ ಇರ್ತಾರೆ. ನಿಂತ ಕಡೆ ಕೇಳಿದ್ರೆ "ಓಕೆ, ಓಕೆ, ಕ್ಯಾರಿ ಆನ್" ಅಂದು ಹೋಗ್ತಾರೆ. ಈ ಮೆಸೇಜ್ ಬರೆದು ಇಟ್ಟಿದ್ದೀನಿ, ಇನ್ನೂ ಕಳಿಸಿಲ್ಲ:

"ಸಾರ್, ಸ್ವಲ್ಪ ಮಾತಾಡಬೇಕಿತ್ತು. ನನ್ನ ಪರ್ಫಾರ್ಮೆನ್ಸ್ ಬಗ್ಗೆ ಫೀಡ್‌ಬ್ಯಾಕ್ ಬೇಕು. ಯಾವಾಗ ಫ್ರೀ ಇರ್ತೀರ?"

ಇದು ಸಾಕಾ? ಇವತ್ತು ಫೆಬ್ರವರಿ 3. ಈಗಲೇ ಕೇಳೋದಾ, ಫಾರಂ ಬಂದ ಮೇಲಾ?

ಅಕ್ಕಲಕೋಟ ರೋಡ್

ತಂಗಿ, ಇಷ್ಟು ಮೆತ್ತಗ ಕೇಳಿದ್ರ ಯಾರೂ ಹೇಳಂಗಿಲ್ಲ. ನೇರ ಮೇಲ್ ಹಾಕ್ರಿ, ಎಚ್‌ಆರ್‌ಗೂ ಒಂದು ಕಾಪಿ ಇಡ್ರಿ. "ಈ ವರ್ಷ ನನಗ 4 ರೇಟಿಂಗ್ ಬೇಕು, ಅದಕ್ಕ ಏನು ಕಡಿಮಿ ಬಿದ್ದದ ಹೇಳ್ರಿ" ಅಂತ ಬರೀರಿ. ಬಾಯಿಮಾತು ಬ್ಯಾಡ, ಎಲ್ಲಾ ಬರಹದಾಗ ಇರಲಿ. ನಾಳೆ ಯಾರೂ ಮಾತು ತಿರುಗಸಬಾರದು ನೋಡ್ರಿ.

ಬದಿಯಡ್ಕ

ಇದಕ್ಕೆ ಇಷ್ಟು ತಲೆಬಿಸಿ ಯಾಕೆ? ರೇಟಿಂಗ್ ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ, ದೇವ್ ದತ್ ಕೇಸಿನಲ್ಲಿ. ಒಳ್ಳೆಯ ರಿಮಾರ್ಕ್ ಆಗಲಿ ಕೆಟ್ಟದ್ದಾಗಲಿ, ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು. ತೋರಿಸದಿದ್ದರೆ ಅರ್ಜಿ ಹಾಕಿ.

ಕುಂಬಳೆ ಹಳಬ

ಬದಿಯಡ್ಕದವರೇ, ತೀರ್ಪು ಹೌದು, ಆದರೆ ಅದು ಸರಕಾರಿ ನೌಕರರ ವಾರ್ಷಿಕ ರಹಸ್ಯ ವರದಿಯ ವಿಷಯ. ಇವರದ್ದು ಖಾಸಗಿ ಕಾರ್ಖಾನೆ. ಅಲ್ಲಿ ರೇಟಿಂಗ್ ತಿಳಿಸುವುದು, ಕಾರಣ ಹೇಳುವುದು, ಆಕ್ಷೇಪ ಕೇಳುವುದು ಎಲ್ಲ ಆಯಾ ಕಂಪೆನಿಯ ನಿಯಮದ ಮೇಲೆ ನಿಂತಿದೆ. ಎಚ್‌ಆರ್ ಕೈಪಿಡಿಯಲ್ಲಿ ಹೇಗೆ ಉಂಟು ಅಂತ ನೋಡಬಹುದು. ಅರ್ಜಿ ಹಾಕುವ ದಾರಿ ಇಲ್ಲಿಗಲ್ಲ. ಅಲ್ಲದೆ ಪ್ರಶ್ನೆ ರೇಟಿಂಗಿನದ್ದೂ ಅಲ್ಲ, ಕೆಲಸದ ಬಗ್ಗೆ ಮಾತು ಬೇಕು ಅಂತ ಅಲ್ಲವೋ.

ಬಾಗಲೂರಿನವರೇ, ಮೊದಲು ನಿಮ್ಮ ಮೆಸೇಜಿನ ಮೊದಲ ಸಾಲು ಅಳಿಸಿ. "ಸ್ವಲ್ಪ ಮಾತಾಡಬೇಕಿತ್ತು ಸಾರ್" ಅಂತ ಓದಿದ ಕೂಡಲೇ ಹೆಚ್ಚಿನ ಮ್ಯಾನೇಜರುಗಳ ತಲೆಗೆ ಬರುವುದು ಒಂದೇ, ಇವಳು ರಾಜೀನಾಮೆ ಕೊಡುತ್ತಾಳೆ. ಇಲ್ಲವಾದರೆ ಯಾರ ಮೇಲೋ ದೂರು ತಂದಿದ್ದಾಳೆ. ಅವರು ಆ ತಯಾರಿಯಲ್ಲೇ ಬಂದು ಕೂರುತ್ತಾರೆ, ನಿಮ್ಮ ಕೆಲಸದ ಬಗ್ಗೆ ಒಂದು ನಿಮಿಷವೂ ಯೋಚಿಸಿರುವುದಿಲ್ಲ.

ಎರಡನೇ ಸಾಲು "ಪರ್ಫಾರ್ಮೆನ್ಸ್ ಬಗ್ಗೆ ಫೀಡ್‌ಬ್ಯಾಕ್". ಅಷ್ಟು ಅಗಲದ ಪ್ರಶ್ನೆಗೆ "ಓಕೆ" ಅನ್ನುವುದೇ ಪ್ರಾಮಾಣಿಕ ಉತ್ತರ. ಅವರ ಕೈಕೆಳಗೆ ಹದಿನೈದು ಜನ ಇದ್ದರೆ ನಿಮ್ಮ ಅಕ್ಟೋಬರ್ ತಿಂಗಳ ಕೆಲಸ ಅವರಿಗೆ ನೆನಪಿರಬೇಕಲ್ಲ? ನೆನಪಿಗೆ ತಂದುಕೊಡುವ ಕೆಲಸ ನಿಮ್ಮದು. ಆದ್ದರಿಂದ ಕಳೆದ ಆರು ತಿಂಗಳಲ್ಲಿ ಎರಡೇ ಎರಡು ಕೆಲಸ ಆಯ್ದುಕೊಳ್ಳಿ, ಒಂದು ಚೆನ್ನಾಗಿ ಆದದ್ದು, ಒಂದು ಕೆಟ್ಟದ್ದು. ಅವು ಯಾವುವು ಅಂತ ಇಲ್ಲಿ ಬರೆಯಿರಿ. ಕಂಪೆನಿ ಹೆಸರು ಬೇಡ, ಗಿರಾಕಿ ಹೆಸರೂ ಬೇಡ.

ಕಾಲದ ಮಾತು: ಈಗಲೇ ಕೇಳಿ. ಫಾರಂ ಬಂದ ಮೇಲೆ ಕೇಳಿದರೆ ಅದು ಮಾರ್ಕಿಗಾಗಿ ಕೇಳಿದ ಹಾಗೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರು ಏನಾದರೂ ಕೊರತೆ ಹೇಳಿದರೆ ಅದನ್ನು ಸರಿಮಾಡಿ ತೋರಿಸಲು ನಿಮಗೆ ಐದಾರು ವಾರ ಕೈಯಲ್ಲಿ ಇರಬೇಕು.

ಬಾಗಲೂರು ಬಸ್ಸು

ರಾಜೀನಾಮೆ ಅಂದ್ಕೋತಾರೆ ಅಂತ ಹೊಳೆದೇ ಇರ್ಲಿಲ್ಲ ಸಾರ್!

ಒಳ್ಳೇದು: ಒಂದು ಬುಷ್, ಒಳಗಿನ ಬೋರ್ 22 ಮಿ.ಮೀ., ಮೇಲ್ಮಿತಿ ಪ್ಲಸ್ 21 ಮೈಕ್ರಾನ್, ಕೆಳಮಿತಿ ಸೊನ್ನೆ. ತಿಂಗಳಿಗೆ 18,000 ಪೀಸ್. ಸೆಪ್ಟೆಂಬರ್‌ನಲ್ಲಿ ರಿಜೆಕ್ಷನ್ 2.4 ಪರ್ಸೆಂಟ್ ಇತ್ತು, ಬಹುಪಾಲು ಬೋರ್ ಅಂಡರ್‌ಸೈಜ್. ಏರ್ ಗೇಜ್ ರೀಡಿಂಗ್ ಸಾಲಾಗಿ ಬರೆದು ನೋಡ್ದಾಗ, ಟೂಲ್ ತುದಿಗೆ ಹಾಕೋ ಇನ್ಸರ್ಟ್‌ನ ಮೂಗು ಸವೆದು 300 ಪೀಸ್ ಆದ್ಮೇಲೆ ಬೋರ್ ಕಿರಿದಾಗ್ತಾ ಹೋಗೋದು ಕಂಡಿತು. ಆಪರೇಟರ್ 400ಕ್ಕೆ ಇನ್ಸರ್ಟ್ ತಿರುಗಿಸ್ತಾ ಇದ್ರು. ಅದನ್ನ 250ಕ್ಕೆ ತಂದ್ವಿ. ಜನವರಿಯಲ್ಲಿ ರಿಜೆಕ್ಷನ್ 0.9.

ಕೆಟ್ಟದ್ದು: ನವೆಂಬರ್‌ನಲ್ಲಿ ಗಿರಾಕಿ ಹತ್ರ ಒಂದು ಬಾಕ್ಸಲ್ಲಿ 14 ಪೀಸ್ ಅಂಚಿನ ಚೂಪು ಬರ್ ತೆಗೀದೆ ಹೋಗಿತ್ತು. ಕಂಪ್ಲೇಂಟ್ ಬಂತು. ತಕ್ಷಣದ ತಡೆ 24 ಗಂಟೆಯೊಳಗೆ ಕಳಿಸಿದ್ವಿ, ಆದ್ರೆ ತಪ್ಪಿಗೆ ಕಾರಣ, ಪರಿಹಾರ ಬರೆದು ಕೊಡೋ ಪೂರ್ತಿ 8ಡಿ ರಿಪೋರ್ಟ್ 14 ದಿನಕ್ಕೆ ಹೋಗಬೇಕಿದ್ದಿದ್ದು 19 ದಿನ ಆಯ್ತು. ಡೀಬರಿಂಗ್ ಮಾಡೋ ಹೊರಗಿನ ವೆಂಡರ್ ಕಾರಣ ಪತ್ತೆ ಮಾಡಿ ಕಳಿಸೋದೇ ತಡ ಮಾಡಿದ್ರು. ಇದನ್ನ ನಾನೇ ಎತ್ತಬೇಕಾ? ಮ್ಯಾನೇಜರ್ ಮರ್ತಿರಬಹುದು.

ಮಡಕಶಿರಾ ಶಿಫ್ಟು

ಮರ್ತಿರಲ್ಲ ಮೇಡಂ. ಗಿರಾಕಿ ಕಂಪ್ಲೇಂಟ್ ಯಾವ ಮ್ಯಾನೇಜರೂ ಮರೆಯಲ್ಲ. ಮರೆಯೋದು 0.9ನ.

ನಾನು ಆ ಕಡೆ ಕುರ್ಚೀಲಿ ಕೂರೋನು, ಅದಕ್ಕೆ ಹೇಳ್ತೀನಿ. ಏಪ್ರಿಲ್‌ನಲ್ಲಿ ಮೇಲಿನವರ ಜೊತೆ ನಾರ್ಮಲೈಸೇಷನ್ ಅಂತ ಒಂದು ಮೀಟಿಂಗ್ ಇರುತ್ತೆ. ಎಲ್ಲಾ ಸೆಕ್ಷನ್ ಮ್ಯಾನೇಜರುಗಳೂ ತಮ್ಮ ತಮ್ಮ ಪಟ್ಟಿ ತರ್ತಾರೆ. ಎಲ್ಲರಿಗೂ 4 ಹಾಕ್ಕೊಂಡು ಹೋದ್ರೆ ಅರ್ಧ ಜನದ್ದು ಅಲ್ಲೇ ಇಳಿಸ್ತಾರೆ, ಯಾಕಂದ್ರೆ ಇಷ್ಟು ಜನಕ್ಕೆ ಇಷ್ಟೇ 4 ಅಂತ ಲೆಕ್ಕ. ಅರವತ್ತು ಹೆಸರು, ಎರಡು ಗಂಟೆ ಅಂದ್ರೆ ತಲೆಗೆ ಎರಡು ನಿಮಿಷ. "ಚೆನ್ನಾಗಿ ಕೆಲಸ ಮಾಡ್ತಾಳೆ" ಅಂದ್ರೆ ಆ ಕೋಣೇಲಿ ಹೆಸರು ನಿಲ್ಲಲ್ಲ. "ಬುಷ್ ಬೋರ್ ರಿಜೆಕ್ಷನ್ ನಾಕು ತಿಂಗಳಲ್ಲಿ 2.4ರಿಂದ 0.9ಕ್ಕೆ ತಂದ್ಲು" ಅಂದ್ರೆ ನಿಲ್ಲುತ್ತೆ. ನಿಮ್ಮ ಮ್ಯಾನೇಜರ್ ಬಾಯಿಗೆ ಆ ಒಂದು ಸಾಲು ಈಗ್ಲೇ ಸಿಗಬೇಕು. ನಾವು ಲಿಸ್ಟ್ ಮಾಡೋದು ಏಪ್ರಿಲ್ ಮೊದಲ ವಾರ, ನಿಮ್ಮ ಫಾರಂನ ಹತ್ತು ಪಾಯಿಂಟೂ ಓದೋಷ್ಟು ಪುರುಸೊತ್ತು ಆಗ ಇರಲ್ಲ, ಸತ್ಯ ಹೇಳ್ತಿದೀನಿ.

ಕೆಟ್ಟದ್ದನ್ನ ನೀವೇ ತೆಗೀರಿ. ಅದನ್ನ ಮುಚ್ಚಿಟ್ಟು ಒಳ್ಳೇದಷ್ಟೇ ಹೇಳಿದ್ರೆ, ಎದುರಿಗೆ ಕೂತೋನು ಅರ್ಧ ಗಂಟೆ ಪೂರ್ತಿ "ಆ 8ಡಿ ವಿಷಯ ಇವಳಿಗೆ ಹೇಗೆ ಹೇಳ್ಲಿ" ಅಂತ್ಲೇ ಯೋಚಿಸ್ತಿರ್ತಾನೆ. ನೀವೇ ಎತ್ತಿದ್ರೆ ಅವನಿಗೆ ಭಾರ ಇಳಿಯುತ್ತೆ, ಆಮೇಲೆ ಉಳಿದದ್ದೂ ಮಾತಾಡ್ತಾನೆ.

ಕುಂಬಳೆ ಹಳಬ

ಮಡಕಶಿರದವರು ಹೇಳಿದ್ದು ಸರಿ. ಆದರೆ 0.9ರ ಲೆಕ್ಕ ಇನ್ನೂ ಮುಗಿದಿಲ್ಲ, ಅದನ್ನು ಹಾಗೇ ತೆಗೆದುಕೊಂಡು ಹೋಗಬೇಡಿ.

18,000ಕ್ಕೆ 2.4 ಪರ್ಸೆಂಟ್ ಅಂದರೆ 432 ಪೀಸ್. 0.9 ಅಂದರೆ 162. ತಿಂಗಳಿಗೆ 270 ಪೀಸ್ ಉಳಿಯಿತು, ಬಹಳ ಒಳ್ಳೆಯದು. ಇನ್ನೊಂದು ಬದಿ ನೋಡಿ. 400ಕ್ಕೊಮ್ಮೆ ಬದಲಿಸುವಾಗ ತಿಂಗಳಿಗೆ 45 ಸಲ, 250ಕ್ಕೊಮ್ಮೆ ಅಂದರೆ 72 ಸಲ. ಅಂದರೆ 27 ಕಟಿಂಗ್ ಅಂಚು ಹೆಚ್ಚು ಖರ್ಚು, ಮತ್ತು ಪ್ರತಿ ಸಲ ಮಷಿನ್ ನಿಲ್ಲಿಸಿ, ತಿರುಗಿಸಿ, ಮೊದಲ ಪೀಸ್ ಅಳೆದು ಆಫ್‌ಸೆಟ್ ಕೊಡುವ ಹೊತ್ತು. ಈ 27 ಅಂಚಿನ ಸುದ್ದಿ ಟೂಲ್, ಇನ್ಸರ್ಟ್ ಇಟ್ಟು ಕೊಡುವ ಟೂಲ್ ಕ್ರಿಬ್ಬಿನವರ ತಿಂಗಳ ಪಟ್ಟಿಯಲ್ಲಿ ನಿಮ್ಮ ಮ್ಯಾನೇಜರಿಗೆ ಆಗಲೇ ತಲುಪಿರುತ್ತದೆ. ನೀವು ರಿಜೆಕ್ಷನ್ ಮಾತ್ರ ಹೇಳಿದರೆ ಅವರ ಮನಸ್ಸಿನಲ್ಲಿ ಇನ್ಸರ್ಟ್ ಬಿಲ್ಲು ಓಡುತ್ತಿರುತ್ತದೆ, ಬಾಯಿಯಲ್ಲಿ "ಓಕೆ" ಇರುತ್ತದೆ. ನಿಮಗೆ ಸಿಗುತ್ತಿರುವ "ಓಕೆ" ಅದೇ ಆಗಿರಲೂಬಹುದು, ಯಾರಿಗೆ ಗೊತ್ತು.

ಒಂದು ಪೀಸಿನ ಬೆಲೆ, ಒಂದು ಇನ್ಸರ್ಟಿನ ಬೆಲೆ, ಅದಕ್ಕೆ ಎಷ್ಟು ಅಂಚು, ಗೊತ್ತುಂಟೋ?

ಬಾಗಲೂರು ಬಸ್ಸು

ಪೀಸಿಗೆ ಸುಮಾರು 38 ರೂಪಾಯಿ. ಇನ್ಸರ್ಟ್ 420, ಎರಡು ಅಂಚು.

ಕುಂಬಳೆ ಹಳಬ

ಹಾಗಾದರೆ ಅಂಚಿಗೆ 210. 270 ಪೀಸಿಗೆ ಉಳಿದದ್ದು 10,260 ರೂಪಾಯಿ. 27 ಅಂಚಿಗೆ ಹೆಚ್ಚಾದದ್ದು 5,670. ಕೈಯಲ್ಲಿ ಉಳಿಯುವುದು ತಿಂಗಳಿಗೆ 4,590, ಮಷಿನ್ ನಿಂತ ಹೊತ್ತನ್ನು ಇನ್ನೂ ಕಳೆದಿಲ್ಲ. ಒಂದು ಬದಲಾವಣೆಗೆ ಆರು ನಿಮಿಷ ಅಂತ ಇಟ್ಟರೆ 27ಕ್ಕೆ 162 ನಿಮಿಷ, ತಿಂಗಳಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ.

ಈಗ ನಿಮ್ಮ ಪ್ರಶ್ನೆಯೇ ಬದಲಾಯಿತು ನೋಡಿ. "ಸಾರ್, ರಿಜೆಕ್ಷನ್ ಇಳಿಸಿದೆ, ಹೇಗಿದೆ?" ಅಂತ ಕೇಳಿದರೆ ಹೊಗಳಿಕೆ ಬೇಡಿದ ಹಾಗೆ. "ರಿಜೆಕ್ಷನ್ ಇಳಿಯಿತು, ಇನ್ಸರ್ಟ್ ಖರ್ಚು ಏರಿತು, ಒಟ್ಟು ಲೆಕ್ಕದಲ್ಲಿ ಇಷ್ಟು ಉಳಿದಿದೆ. 250 ಅಂತ ತೀರ್ಮಾನ ಮಾಡುವ ಮೊದಲು ನಾನು ಯಾರನ್ನು ಕೇಳಬೇಕಿತ್ತು, ಯಾವ ಲೆಕ್ಕ ನೋಡಬೇಕಿತ್ತು?" ಅಂತ ಕೇಳಿದರೆ ಅವರು ತಮ್ಮ ತಲೆಯೊಳಗಿನ ಮಾತನ್ನೇ ಹೇಳಬೇಕಾಗುತ್ತದೆ. ಬಹುಶಃ "300ಕ್ಕೆ ಇಟ್ಟು ಒಂದು ತಿಂಗಳು ನೋಡಬಹುದಿತ್ತು" ಅನ್ನಬಹುದು. ನಿಮ್ಮ ರೀಡಿಂಗಿನಲ್ಲೇ 300ರ ತನಕ ಸೈಜ್ ನಿಂತಿತ್ತಲ್ಲ, 250 ಯಾಕೆ ಅಂತ ನನಗೂ ಒಂದು ಸಂಶಯ ಉಂಟು.

8ಡಿ ವಿಷಯಕ್ಕೆ ಬರುವ. 19 ದಿನ ಯಾಕಾಯಿತು ಅಂತ ವಿವರಿಸಲು ಹೋಗಬೇಡಿ. ವೆಂಡರ್ ತಡ ಮಾಡಿದ ಅನ್ನುವುದು ನಿಜವೇ ಇರಬಹುದು, ಆದರೆ ಫೀಡ್‌ಬ್ಯಾಕ್ ಕೇಳಲು ಕೂತಾಗ ಅದು ಸಮಜಾಯಿಷಿ ಆಗುತ್ತದೆ. ಒಂದೇ ಪ್ರಶ್ನೆ ಸಾಕು: "14 ದಿನಕ್ಕೆ ಆಗುವುದಿಲ್ಲ ಅಂತ ನಾನು ಯಾವ ದಿನ ನಿಮಗೆ ಹೇಳಿದ್ದರೆ ಸರಿಹೋಗುತ್ತಿತ್ತು?" ಅಂದ ಹಾಗೆ, ನೀವು ಅವರಿಗೆ ಹೇಳಿದ್ದು ಎಷ್ಟನೇ ದಿನ?

ಬಾಗಲೂರು ಬಸ್ಸು

ಹದಿನಾಲ್ಕನೇ ದಿನ ಸಾಯಂಕಾಲ. 😔

250 ಯಾಕೆ ಅಂದ್ರೆ, ಒಂದು ಮಷಿನ್ನಲ್ಲಿ 270ಕ್ಕೇ ಇಳಿಯೋಕೆ ಶುರುವಾಗಿತ್ತು. ಎರಡೂ ಮಷಿನ್‌ಗೂ ಒಂದೇ ನಂಬರ್ ಇರ್ಲಿ ಅಂತ ಇಟ್ವಿ.

ಕುಂಬಳೆ ಹಳಬ

ಹೌದೋ, ಅದು ಒಳ್ಳೆಯ ಕಾರಣ. ಕಾಗದದಲ್ಲಿ ಬರೆದುಕೊಳ್ಳಿ, ಅವರು ಕೇಳಿದರೆ ಮಾತ್ರ ಹೇಳಿ. ಹದಿನಾಲ್ಕನೇ ದಿನದ ಮಾತು, ಅದೇ ಗಾಯ. ಅದರ ಮೇಲೆ ಅವರು ಬೆರಳಿಡುವ ಮೊದಲು ನೀವೇ ತೋರಿಸಿ.

ಉಪ್ಪಳ ಮನೆಯಿಂದ

ಮಧ್ಯೆ ಬಾಯಿ ಹಾಕ್ತೇನೆ, ಕ್ಷಮಿಸಿ. ನನ್ನದು ಬೆಂಗಳೂರಿನ ಕಂಪೆನಿ, ಕೆಲಸ ಮನೆಯಿಂದ, ಮ್ಯಾನೇಜರ್ ಸ್ಕ್ರೀನಿನಲ್ಲಿ ಮಾತ್ರ ಕಾಣುವುದು. ವಾರಕ್ಕೊಮ್ಮೆ ಕಾಲ್ ಉಂಟು, ಅದರಲ್ಲೇ ಕೇಳಬಹುದಾ, ಬೇರೆಯೇ ಟೈಮ್ ಕೇಳಬೇಕಾ? ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಹೋಗಿ ಎರಡು ಸಲ ಡೆಲಿವರಿ ತಡವಾಗಿದೆ, ಅದನ್ನು ಹೇಳಬೇಕಾ?

ಮಡಕಶಿರಾ ಶಿಫ್ಟು

ವಾರದ ಕಾಲ್‌ನಲ್ಲಿ ಬೇಡ. ಅಲ್ಲಿ ಬಾಕಿ ಕೆಲಸದ ಲಿಸ್ಟೇ ಮುಗಿಯಲ್ಲ, ಕೊನೇ ಮೂರು ನಿಮಿಷಕ್ಕೆ ನಿಮ್ಮ ವಿಷಯ ಬರುತ್ತೆ, ಮತ್ತೆ ಅದೇ "ಆಲ್ ಗುಡ್". ಬೇರೆ ಅರ್ಧ ಗಂಟೆ ಕೇಳಿ, ಬರೆದದ್ದನ್ನ ಹಿಂದಿನ ದಿನವೇ ಕಳಿಸಿ. ಸ್ಕ್ರೀನಲ್ಲಿ ಒಂದು ತೊಂದರೆ ಏನಂದ್ರೆ ಎದುರಿನವರು ತಡವರಿಸಿದ್ದು ಗೊತ್ತಾಗಲ್ಲ. ಪ್ರಶ್ನೆ ಕೇಳಿ ಸುಮ್ನಿರಿ. ನೆಟ್ ಹೋಯ್ತೇನೋ ಅನ್ನೋವಷ್ಟು ಸುಮ್ನಿರಿ. ಕರೆಂಟ್ ವಿಷಯ, ಕಾರಣ ಹೇಳೋದಕ್ಕಿಂತ ಈಗ ಏನು ಏರ್ಪಾಟು ಮಾಡಿದೀರ ಅಂತ ಹೇಳಿ. ಇನ್ವರ್ಟರ್ ಹಾಕ್ಸಿದ್ರಾ, ಎರಡನೇ ಸಿಮ್ ಇದೆಯಾ, ಅಷ್ಟೇ.

ಅಕ್ಕಲಕೋಟ ರೋಡ್

ಎಲ್ಲಾ ಸರಿ ಅದ, ಆದ್ರ ರೇಟಿಂಗ್ ಬಾಯಿ ಬಿಟ್ಟು ಕೇಳಬಾರದು ಅಂದ್ರ ನನಗ ಒಪ್ಪಿಗಿಲ್ಲ. ಅವರು "ಛಲೋ ಮಾಡಿದಿ, ಇದು ಕಡಿಮಿ ಅದ" ಅಂತ ಹೇಳಿ ಕಳಸ್ತಾರ, ಜುಲೈಕ ಮತ್ತ 3 ಬಂದ್ರ? ಆವಾಗ ಯಾರಿಗೆ ಕೇಳೂದು?

ಮಡಕಶಿರಾ ಶಿಫ್ಟು

ಅಣ್ಣ, ಕೇಳಬಾರದು ಅಂತಲ್ಲ. ನಂಬರ್ ನಮ್ಮೊಬ್ಬರ ಕೈಲಿಲ್ಲ ಅಂತ ಅಷ್ಟೇ. ಫೆಬ್ರವರೀಲಿ "4 ಕೊಡ್ತೀರಾ" ಅಂದ್ರೆ ನಾನು "ನೋಡೋಣ" ಅಂತೀನಿ. ಹ್ಞೂಂ ಅಂದು ಆಮೇಲೆ ಮೀಟಿಂಗ್‌ನಲ್ಲಿ ಇಳಿಸಿದ್ರೆ ನನ್ನ ಮಾತು ಹೋಗುತ್ತೆ. ಬೇರೆ ಥರ ಕೇಳಬಹುದು: "ನನ್ನ ಹುದ್ದೆಯಲ್ಲಿ 3ಕ್ಕೂ 4ಕ್ಕೂ ಕೆಲಸದಲ್ಲಿ ನೀವು ನೋಡೋ ವ್ಯತ್ಯಾಸ ಏನು?" ಇದಕ್ಕೆ ಉತ್ತರ ಹೇಳಬಹುದು, ಹೇಳ್ತೀವಿ ಕೂಡ. "ನಾನು ಹೇಳಿದ್ದನ್ನ ಮಾಡೋನು 3, ಹೇಳೋ ಮುಂಚೆ ಕಂಡುಹಿಡಿದು ತರೋನು 4" ಅಂತ ಏನೋ ಒಂದು ಬರುತ್ತೆ. ಅದನ್ನ ಹಿಡ್ಕೊಂಡು ನೀವೇ ಅಳೆದುಕೊಳ್ಳಿ.

ಎಚ್‌ಆರ್‌ಗೆ ಕಾಪಿ ಮಾತ್ರ ಬೇಡಾರೀ. ಮೊದಲ ಮೇಲ್‌ನಲ್ಲೇ ಕಾಪಿ ನೋಡಿದ್ರೆ ನಾನು ಒಂದೊಂದು ಪದಾನೂ ಅಳೆದು ಮಾತಾಡ್ತೀನಿ. ಒಳ್ಳೇ ಫೀಡ್‌ಬ್ಯಾಕ್ ಯಾವಾಗ್ಲೂ ಸ್ವಲ್ಪ ಅಳತೆ ತಪ್ಪಿದ ಮಾತಲ್ಲೇ ಬರೋದು.

ಅಕ್ಕಲಕೋಟ ರೋಡ್

ನೀವು ಒಳ್ಳೆ ಮ್ಯಾನೇಜರ್ ಇದ್ದೀರಿ, ಅದಕ್ಕ ಹಂಗ ಅಂತೀರಿ. ಎಲ್ಲಾರೂ ಹಂಗಿರಂಗಿಲ್ಲ. ಎರಡು ಸಲ ಕೇಳಿದ್ರೂ ಟೈಮ್ ಕೊಡಲಿಲ್ಲ ಅಂದ್ರ ಮೂರನೇ ಸಲ ಎಚ್‌ಆರ್‌ಗೆ ಕಾಪಿ ಹಾಕೂದ. ಇದರಾಗ ನಾ ಬದಲಾಗಂಗಿಲ್ಲ.

ಕುಂಬಳೆ ಹಳಬ

ಮೂರನೇ ಸಲ ಅಂದರೆ ನನಗೂ ವಾದ ಇಲ್ಲ. ಬರಹದಲ್ಲಿರಬೇಕು ಅನ್ನುವುದರಲ್ಲೂ ಅಕ್ಕಲಕೋಟದವರು ಸರಿಯೇ, ಅದರ ಜಾಗ ಮಾತ್ರ ಬೇರೆ. ಮಾತಿನ ಮೊದಲು ಅರ್ಧ ಪುಟ, ಮಾತಾದ ಮೇಲೆ ಐದು ಸಾಲು. ನಡುವಿನ ಮಾತು ಬಾಯಿಯಲ್ಲೇ ಆಗಲಿ.

ಮೊದಲಿನ ಅರ್ಧ ಪುಟದಲ್ಲಿ ಬುಷ್ ಕೆಲಸ ನಾಲ್ಕು ಸಾಲು, ಮೇಲಿನ ಲೆಕ್ಕ ಸಮೇತ. ಇನ್ಸರ್ಟ್ ತಿರುಗಿಸಿದ್ದು ಆಪರೇಟರುಗಳು, ಅದನ್ನು ಒಪ್ಪಿಸಿದ್ದು ಪ್ರೊಡಕ್ಷನಿನವರು ಅಂತ ಬರೆಯಲು ಮರೆಯಬೇಡಿ. "ನಾನು" ಅಂತ ಬರೆದದ್ದು ನಿಜಕ್ಕೂ ನೀವು ಮಾಡಿದ್ದು ಮಾತ್ರ ಆಗಿರಲಿ, ಅಂದರೆ ರೀಡಿಂಗ್ ಬರೆದು ಕಾರಣ ಹಿಡಿದದ್ದು. ಆಮೇಲೆ 8ಡಿ ಮೂರು ಸಾಲು. ಕೊನೆಗೆ ಪ್ರಶ್ನೆ, ಮೂರಕ್ಕಿಂತ ಹೆಚ್ಚು ಬೇಡ. ಪ್ರಶ್ನೆಗಳನ್ನು ಮೊದಲೇ ಕಳಿಸಿದರೆ ಅವರು ಒಮ್ಮೆ ಯೋಚಿಸಿ ಬರುತ್ತಾರೆ. ಕೆಲವರಿಗೆ ನೇರ ಎದುರಿನಲ್ಲಿ ಕೇಳಿದಾಗ ಒಳ್ಳೆಯ ಮಾತು ಮಾತ್ರ ಬಾಯಿಗೆ ಬರುತ್ತದೆ, ಕೊರತೆ ಹೇಳಲು ಹೊತ್ತು ಬೇಕು.

"ಫೀಡ್‌ಬ್ಯಾಕ್" ಅನ್ನುವ ಪದವನ್ನೂ ಆದಷ್ಟು ಬಿಡಿ. ಅದು ಹಿಂದೆ ನೋಡಿ ಮಾರ್ಕು ಕೊಡಿ ಅಂದ ಹಾಗೆ. "ಮುಂದಿನ ಸಲ ಇದೇ ಬಂದರೆ ಯಾವುದನ್ನು ಬೇರೆ ರೀತಿ ಮಾಡಲಿ" ಅಂತ ಸಲಹೆ ಕೇಳಿದರೆ ಜನ ಹೆಚ್ಚು ಬಿಚ್ಚಿ ಮಾತಾಡುತ್ತಾರೆ.

ಕೂತಾಗ ಒಂದು ಕಷ್ಟ ಬಂದೇ ಬರುತ್ತದೆ. "ಓನರ್‌ಶಿಪ್ ಇನ್ನೂ ಬೇಕು", "ಸ್ವಲ್ಪ ವಿಸಿಬಿಲಿಟಿ ಸಾಲದು" ಅಂತ ಗಾಳಿಮಾತು. ಅದನ್ನು ಬರೆದುಕೊಂಡು ಎದ್ದು ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಆಗ, "ಕಳೆದ ತಿಂಗಳಲ್ಲಿ ಯಾವ ಕೆಲಸದಲ್ಲಿ ಹಾಗೆ ಅನ್ನಿಸಿತು ಸಾರ್?" ಅಂತ ಒಂದು ದಿನ, ಒಂದು ಘಟನೆಗೆ ಇಳಿಸಿ. ಅವರಿಗೆ ನೆನಪಾಗದಿದ್ದರೆ ಒತ್ತಬೇಡಿ, "ಮುಂದೆ ಅಂಥದ್ದು ಕಂಡ ದಿನವೇ ಹೇಳಿ" ಅಂತ ಬಿಟ್ಟುಬಿಡಿ. ಅವರು ಹೇಳುವಾಗ ಮಧ್ಯೆ "ಇಲ್ಲ ಸಾರ್, ಅದು ಏನಾಯಿತೆಂದರೆ" ಅಂತ ಶುರುಮಾಡಿದಿರೋ, ಮುಂದಿನ ಮಾತು ಅಲ್ಲಿಗೇ ನಿಂತಿತು. ವೆಂಡರಿನ ಹೆಸರು ನಾಲಿಗೆಯ ತುದಿಗೆ ಬರುತ್ತದೆ, ಪೆನ್ನು ಹಿಡಿದು ಬರೆಯುತ್ತಾ ಇರಿ, ನಾಲಿಗೆಗೆ ಕೆಲಸ ಕಡಿಮೆಯಾಗುತ್ತದೆ.

ಬದಿಯಡ್ಕ

ಒಂದು ಸಂಶಯ. ಇಷ್ಟೆಲ್ಲ ಮಾಡಿ ಕೊರತೆಗಳನ್ನು ನಾವೇ ಬರಹದಲ್ಲಿ ಕೊಟ್ಟರೆ, ನಾಳೆ ಅದನ್ನೇ ನಮ್ಮ ವಿರುದ್ಧ ತೋರಿಸುವುದಿಲ್ಲವಾ? ನಮ್ಮಲ್ಲಿ ಒಂದು ಮೆಮೊಗೆ ಉತ್ತರ ಬರೆಯುವಾಗ ಕೂಡ ಹತ್ತು ಸಲ ಯೋಚಿಸ್ತೇವೆ.

ಕುಂಬಳೆ ಹಳಬ

ಒಳ್ಳೆಯ ಪ್ರಶ್ನೆ. 8ಡಿ ತಡವಾದದ್ದು ಗಿರಾಕಿಯ ಪೋರ್ಟಲಿನಲ್ಲಿ ತಾರೀಕು ಸಮೇತ ಉಂಟು, ಅದು ಗುಟ್ಟಲ್ಲ. ಹಾಗೆ ಎಲ್ಲರಿಗೂ ಗೊತ್ತಿರುವುದನ್ನು ಬರೆಯಬಹುದು. ಯಾರಿಗೂ ಗೊತ್ತಿಲ್ಲದ ತಪ್ಪನ್ನು ಈ ಕಾಗದದಲ್ಲಿ ಮೊದಲ ಸಲ ಒಪ್ಪಿಕೊಳ್ಳುವುದು ಬೇಡ. ಅಂಥದ್ದಿದ್ದರೆ ಅದನ್ನು ಬೇರೆಯೇ, ಬೇಗನೆ ಹೇಳಬೇಕು. ಇನ್ನು ಮೆಮೊ, ಶೋಕಾಸ್ ನೋಟಿಸ್ ಬಂದವರಿಗೆ ಈ ಕ್ರಮ ಹೊಂದುವುದಿಲ್ಲ, ಅವರು ತಿಳಿದವರನ್ನು ಕೇಳಿಯೇ ಬರೆಯಬೇಕು.

ಮಡಕಶಿರಾ ಶಿಫ್ಟು

ದಿನ, ಹೊತ್ತು ನೋಡ್ಕೊಂಡು ಕೇಳಿ ಮೇಡಂ. 25ನೇ ತಾರೀಕಿನ ಮೇಲೆ ಡಿಸ್ಪ್ಯಾಚ್ ಗಲಾಟೆ, ಯಾರ ತಲೇನೂ ಸರಿ ಇರಲ್ಲ. ಸೋಮವಾರ ಬೆಳಗ್ಗೆ ಪ್ರೊಡಕ್ಷನ್ ಮೀಟಿಂಗ್. ಗಿರಾಕಿ ಆಡಿಟ್ ಇರೋ ವಾರ ಹತ್ರಾನೂ ಹೋಗಬೇಡಿ. ಎರಡು ಗಂಟೆಗೆ ಶಿಫ್ಟ್ ಬದಲಾಗೋದಾದ್ರೆ ಮೂರರ ಹೊತ್ತು ಒಳ್ಳೇದು, ಲೈನ್ ಓಡೋಕೆ ಶುರುವಾಗಿರುತ್ತೆ. ಎರಡು ದಿನ ಹೇಳಿ, ಒಂದು ಅವರು ಆರಿಸಲಿ. "ಯಾವಾಗ ಫ್ರೀ" ಅಂದ್ರೆ ಯಾವಾಗಲೂ ಇಲ್ಲ. ಮತ್ತೆ ಲೈನ್ ಪಕ್ಕದ ಗಾಜಿನ ಕ್ಯಾಬಿನ್ ಬೇಡ, ಅಲ್ಲಿ ನಿಮಿಷಕ್ಕೊಬ್ಬರು ಬಾಗಿಲು ತೆಗೀತಾರೆ. ಗೇಜ್ ರೂಮ್ ಖಾಲಿ ಇದ್ರೆ ಅಲ್ಲೇ ಕೂರಿ, ತಂಪಾಗೂ ಇರುತ್ತೆ.

ಬಾಗಲೂರು ಬಸ್ಸು

ಎಲ್ಲಾ ಸೇರಿಸಿ ಹೀಗೆ ಬರೆದೆ. ಆಫೀಸಿಗೆ ಇಂಗ್ಲಿಷ್‌ನಲ್ಲಿ ಹೋಗುತ್ತೆ, ಎದುರಿಗೆ ಮಾತಾಡೋದು ಹೇಗೂ ತಮಿಳಲ್ಲಿ:

"ಸಾರ್, ಮಾರ್ಚ್‌ನ ಫಾರಂಗೆ ಮುಂಚೆ ನನ್ನ ಎರಡು ಕೆಲಸಗಳ ಬಗ್ಗೆ ನಿಮ್ಮ ಸಲಹೆ ಬೇಕಿತ್ತು: ಬುಷ್ ಬೋರ್ ರಿಜೆಕ್ಷನ್, ಮತ್ತು ನವೆಂಬರ್‌ನ 8ಡಿ ತಡವಾದದ್ದು. ಸಂಬಳ ಅಥವಾ ರೇಟಿಂಗ್ ವಿಷಯ ಅಲ್ಲ. ಅರ್ಧ ಗಂಟೆ ಸಾಕು. ಬರೋ ಬುಧವಾರ ಅಥವಾ ಗುರುವಾರ ಮಧ್ಯಾಹ್ನ 3ಕ್ಕೆ, ಗೇಜ್ ರೂಮ್‌ನಲ್ಲಿ ಆಗಬಹುದಾ? ಅರ್ಧ ಪುಟದ ವಿವರ, ಮೂರು ಪ್ರಶ್ನೆ ಹಿಂದಿನ ದಿನ ಕಳಿಸ್ತೀನಿ."

ಪ್ರಶ್ನೆಗಳು: ಟೂಲ್ ಬದಲಾವಣೆ 250ಕ್ಕೆ ಇಳಿಸೋ ಮುಂಚೆ ಇನ್ನೇನು ನೋಡಬೇಕಿತ್ತು? 8ಡಿ ತಡ ಆಗುತ್ತೆ ಅಂತ ಎಷ್ಟನೇ ದಿನ ಹೇಳಬೇಕಿತ್ತು? ಮಾರ್ಚ್ ಕೊನೆಯೊಳಗೆ ನಾನು ಬದಲಾಯಿಸಿಕೊಳ್ಳಲೇಬೇಕಾದ ಒಂದು ವಿಷಯ ಯಾವುದು?

"ರೇಟಿಂಗ್ ವಿಷಯ ಅಲ್ಲ" ಅಂತ ಬರೆದುಬಿಟ್ಟು ಆಮೇಲೆ 3ಕ್ಕೂ 4ಕ್ಕೂ ವ್ಯತ್ಯಾಸ ಕೇಳಿದ್ರೆ ತಪ್ಪಾಗುತ್ತಲ್ವಾ?

ಮಡಕಶಿರಾ ಶಿಫ್ಟು

ತಪ್ಪಾಗುತ್ತೆ. "ಸಂಬಳದ ವಿಷಯ ಅಲ್ಲ" ಅಂತಷ್ಟೇ ಇಡಿ, ರೇಟಿಂಗ್ ಪದ ತೆಗೀರಿ. ಮಾತು ಆ ಕಡೆ ಹೋದ್ರೆ ಕೇಳಿ, ಇಲ್ಲಾಂದ್ರೆ ಬೇಡ.

ಅಕ್ಕಲಕೋಟ ರೋಡ್

ನಾ ಅಂತೂ ಕೇಳ್ತಿದ್ದೆ. ಹೋಗ್ಲಿ ಬಿಡ್ರಿ. ಮಾತಾದ ಮ್ಯಾಲಿನ ಐದು ಸಾಲು ಮರೀಬ್ಯಾಡ್ರಿ, ಅದೊಂದು ನನ್ನ ಮಾತು ಕೇಳ್ರಿ.

ಕುಂಬಳೆ ಹಳಬ

ಹೌದು, ಮರುದಿನದೊಳಗೆ. "ನಿನ್ನೆ ನೀವು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದಿ" ಅಂತ ಶುರುಮಾಡಿ. ಅವರು ಹೇಳಿದ ಕೊರತೆ ಅವರದೇ ಪದದಲ್ಲಿ, ನೀವು ಮಾಡುವುದು ಏನು, ಯಾವ ತಾರೀಕಿಗೆ. ಕೊನೆಗೆ ಮೂರು ವಾರದ ನಂತರ ಹತ್ತು ನಿಮಿಷ ಕೇಳಿ. "ಒಪ್ಪಿದ್ದೀರಿ", "ಮಾತು ಕೊಟ್ಟಿದ್ದೀರಿ" ಅನ್ನುವ ಪದಗಳು ಬೇಡ, ಕರಾರುಪತ್ರದ ಹಾಗೆ ಆಗುತ್ತದೆ. ಉತ್ತರ ಬರದಿದ್ದರೂ ಪರವಾಗಿಲ್ಲ, ಏಪ್ರಿಲಿನಲ್ಲಿ ಪಟ್ಟಿ ಮಾಡುವಾಗ ಅವರು ಹುಡುಕುವುದು ಇಂಥ ಮೇಲನ್ನೇ.

ಬಾಗಲೂರು ಬಸ್ಸು

ಕಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: "ಗುರುವಾರ 3 ಗಂಟೆ. ಟೂಲ್ ಕ್ರಿಬ್ ಪಟ್ಟಿ ತಗೊಂಡು ಬಾ."

ಕುಂಬಳೆ ಹಳಬ

ನೋಡಿ, ಇನ್ಸರ್ಟ್ ಬಿಲ್ಲು ಅವರ ತಲೆಯಲ್ಲಿ ಇದ್ದೇ ಇತ್ತು. ಸೆಪ್ಟೆಂಬರಿನದ್ದೂ ಜನವರಿಯದ್ದೂ ಎರಡೂ ತೆಗೆದುಕೊಂಡು ಹೋಗಿ. ಮಷಿನ್ ಬೇರೆ ಬೇರೆಯಾಗಿ ಬರೆದಿದ್ದರೆ ಇನ್ನೂ ಒಳ್ಳೆಯದು, 270ರ ಮಾತು ಅಲ್ಲಿ ಬರುತ್ತದೆ.